ಇಪ್ಪತ್ತಮೂರು ದೋಷಗಳಲ್ಲಿ ಮೊದಲು ಯಾವುದು?

ಪ್ರಶ್ನೆ: ಹಾಲು ಉತ್ಪಾದಕರ ಸಂಘವೊಂದಕ್ಕಾಗಿ ಮೊಬೈಲ್ ಆ್ಯಪ್ ವಿನ್ಯಾಸ ಮಾಡುತ್ತಿದ್ದೇನೆ. ಸದಸ್ಯರು ತಾವು ಹಾಕಿದ ಹಾಲು, ಫ್ಯಾಟ್, ಬರಬೇಕಾದ ಹಣ ನೋಡುವ ಪರದೆಯ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ನಾವು ಮೂವರು ಕುಳಿತು ಇಪ್ಪತ್ತಮೂರು ದೋಷ ಹುಡುಕಿದ್ದೇವೆ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನಲ್ಲಿ ಇರುವ ಅಂತರ, ಅಂದರೆ ಕಾಂಟ್ರಾಸ್ಟ್ ಅನುಪಾತ, ಎಷ್ಟು ಕಡಿಮೆಯೋ ಅಷ್ಟು ಗಂಭೀರ ಎಂದುಕೊಂಡು ಕ್ರಮ ಹಾಕಿದ್ದೇವೆ. ಬಿಡುಗಡೆಗೆ ಮುನ್ನ ನಾಲ್ಕೈದನ್ನು ಮಾತ್ರ ಸರಿಪಡಿಸಲು ಸಮಯವಿದೆ. ನಮ್ಮ ಕ್ರಮ ಸರಿಯೇ?

ಉತ್ತರ: ಕ್ರಮ ಸರಿಯಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಈ ಪರದೆಯ ಅತ್ಯಂತ ಗಂಭೀರ ದೋಷ ನಿಮ್ಮ ಇಪ್ಪತ್ತಮೂರರಲ್ಲಿ ಇಲ್ಲವೇ ಇಲ್ಲ. ಅದು ಬಣ್ಣದ ದೋಷವಲ್ಲ, ಹಾಗಾಗಿ ಬಣ್ಣ ಅಳೆಯುವ ಸಾಧನ ಅದನ್ನು ತೋರಿಸಲಿಲ್ಲ.

ಪರದೆಯ ಕೆಳಭಾಗದಲ್ಲಿ ಹದಿನೈದು ದಿನದ ಒಟ್ಟು ಮೊತ್ತ ‘₹1128’ ಎಂದಿದೆ. ಅದರ ಮೇಲಿನ ಸಾಲುಗಳನ್ನು ನೋಡಿ. ಒಂದೊಂದು ದಿನದ ಹಣವೇ ಏಳುನೂರೈವತ್ತರ ಆಸುಪಾಸಿನಲ್ಲಿದೆ. ಹದಿನೈದು ದಿನಕ್ಕೆ ಸಾವಿರದ ಚಿಲ್ಲರೆ ಆಗಲು ಸಾಧ್ಯವಿಲ್ಲ. ನಾನು ಸಾಲುಗಳನ್ನು ಕೂಡಿಸಿದೆ, 11284 ಬಂತು. ಅಂದರೆ ಕೊನೆಯ 4 ಕಾಣೆಯಾಗಿದೆ. ಮೊತ್ತದ ಪೆಟ್ಟಿಗೆಗೆ ನಿಗದಿತ ಅಗಲ ಮತ್ತು ನಿಗದಿತ ಎತ್ತರ ಎರಡನ್ನೂ ಕೊಟ್ಟಿರುವಂತಿದೆ. ಐದು ಅಕ್ಷರ ಹಿಡಿಯುವ ಜಾಗಕ್ಕೆ ಆರು ಅಕ್ಷರ ಬಂದಾಗ ಕೊನೆಯ ಅಂಕಿ ಎರಡನೆಯ ಸಾಲಿಗೆ ಇಳಿಯುತ್ತದೆ, ಎತ್ತರ ಸಾಲದೆ ಆ ಎರಡನೆಯ ಸಾಲು ಮರೆಯಾಗುತ್ತದೆ. ಅರ್ಧ ಕತ್ತರಿಸಿದ ಅಂಕಿಯಾಗಲಿ ಮೂರು ಚುಕ್ಕಿಯಾಗಲಿ ಕಾಣುವುದಿಲ್ಲ. ನೀವು ಅಲ್ಪವಿರಾಮವನ್ನೂ ಬಳಸಿಲ್ಲ. ‘₹11,284’ ಎಂದು ಬರೆದಿದ್ದರೆ ‘₹11,2’ ಎಂದು ಕಂಡು ಯಾರಿಗಾದರೂ ಅನುಮಾನ ಬರುತ್ತಿತ್ತು. ಈಗ ಕಾಣುವುದು ಎಲ್ಲ ರೀತಿಯಿಂದಲೂ ಸರಿಯಾದ ಸಂಖ್ಯೆಯಂತೆಯೇ ಇದೆ. ವಿನ್ಯಾಸದ ಕಡತದಲ್ಲಿ ನೀವು ಮಾದರಿಗೆ ‘₹980’ ಎಂದು ಹಾಕಿಕೊಂಡಿರಬೇಕು, ಅಲ್ಲಿ ಎಲ್ಲವೂ ಹಿಡಿಸಿತ್ತು.

ಇದನ್ನು ಕಂಡುಹಿಡಿಯಲು ಯಾವ ಸಾಧನವೂ ಬೇಕಾಗಲಿಲ್ಲ. ಸ್ಕ್ರೀನ್‌ಶಾಟ್ ಕೈಗೆ ಬಂದ ಕೂಡಲೇ ಬಣ್ಣ ಅಳೆಯಲು ಹೊರಡಬೇಡಿ ಎಂದು ನಾನು ಹೇಳುವುದು ಇದಕ್ಕೇ. ಮೊದಲ ಸುತ್ತಿನಲ್ಲಿ ಬಳಸುವವರ ಕೆಲಸವನ್ನು ಹಿಡಿದು ಪರದೆಯನ್ನು ಓದಬೇಕು. ಇಲ್ಲಿ ಸದಸ್ಯರಿಗೆ ಇರುವುದು ಮೂರೇ ಕೆಲಸ: ಇಂದು ಯಂತ್ರ ಎಷ್ಟು ಲೀಟರ್, ಎಷ್ಟು ಫ್ಯಾಟ್ ಹಿಡಿದಿದೆ ಎಂದು ನೋಡುವುದು, ಹಣ ಬಂದಿದೆಯೋ ಬಾಕಿಯೋ ತಿಳಿಯುವುದು, ಲೆಕ್ಕ ತಪ್ಪಿದ್ದರೆ ತಕರಾರು ಕೊಡುವುದು. ಪ್ರತಿಯೊಂದಕ್ಕೂ ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕು, ಬೆರಳು ಎಲ್ಲಿ ಒತ್ತಬೇಕು ಎಂದು ಪೆನ್ಸಿಲ್‌ನಿಂದ ಗೆರೆ ಎಳೆದುಕೊಳ್ಳಿ. ಆ ಗೆರೆಯ ಮೇಲೆ ಬಿದ್ದ ದೋಷದ ತೂಕವೇ ಬೇರೆ, ಗೆರೆಯಿಂದ ಆಚೆ ಇರುವ ದೋಷದ ತೂಕವೇ ಬೇರೆ. ಅನುಪಾತ ಹೇಳುವುದು ‘ಇಲ್ಲಿ ದೋಷವಿದೆ’ ಎಂದಷ್ಟೇ. ಅದು ಎಷ್ಟು ಗಂಭೀರ ಎನ್ನುವುದು ಆ ದೋಷದಿಂದ ಮನುಷ್ಯ ಏನನ್ನು ಕಳೆದುಕೊಳ್ಳುತ್ತಾನೆ ಎನ್ನುವುದರ ಮೇಲೆ ನಿಂತಿದೆ.

ಎರಡನೆಯ ಸುತ್ತಿನಲ್ಲಿ ಅಳತೆ. ನೀವು ಕಳಿಸಿದ ಕಡತ ಪಿಎನ್‌ಜಿ ಆಗಿರುವುದು ಒಳ್ಳೆಯದಾಯಿತು. ಸಂದೇಶದ ಆ್ಯಪ್ ಮೂಲಕ ದಾಟಿ ಬಂದ ಜೆಪಿಇಜಿ ಚಿತ್ರದಲ್ಲಿ ಅಕ್ಷರದ ಅಂಚಿನ ಬಣ್ಣ ಕದಡಿಹೋಗಿರುತ್ತದೆ. ಅಂಥದ್ದನ್ನು ನಂಬಿ ನಾನೊಮ್ಮೆ ಒಂದು ತಂಡಕ್ಕೆ ತಪ್ಪು ಅಳತೆ ಕೊಟ್ಟಿದ್ದೆ. ಪಿಎನ್‌ಜಿಯಲ್ಲೂ ಒಂದು ಎಚ್ಚರಿಕೆ ಬೇಕು. ಅಕ್ಷರದ ಅಂಚು ನುಣುಪಾಗಿ ಕಾಣಲೆಂದು ಫೋನ್ ಅಲ್ಲಿ ಅಕ್ಷರದ ಬಣ್ಣವನ್ನೂ ಹಿನ್ನೆಲೆಯ ಬಣ್ಣವನ್ನೂ ಬೆರೆಸುತ್ತದೆ. ಬಣ್ಣ ಎತ್ತುವ ಸಾಧನವನ್ನು ಅಂಚಿಗೆ ಇಟ್ಟರೆ ಆ ಬೆರಕೆ ಬಣ್ಣ ಸಿಗುತ್ತದೆ, ಅನುಪಾತ ನಿಜಕ್ಕಿಂತ ಕಡಿಮೆ ಬರುತ್ತದೆ. ಚಿತ್ರವನ್ನು ಎಂಟು ಪಟ್ಟು ಹಿಗ್ಗಿಸಿ, ಅಕ್ಷರದ ದಪ್ಪ ಭಾಗದ ನಡುವಿನ ಚುಕ್ಕಿಯಿಂದ ಬಣ್ಣ ಎತ್ತಿ. ಸಣ್ಣ ಅಕ್ಷರದಲ್ಲಿ ನಡುವೂ ಬೆರಕೆಯಾಗಿದ್ದರೆ ವಿನ್ಯಾಸದ ಕಡತದಲ್ಲಿರುವ ಬಣ್ಣವನ್ನೇ ತೆಗೆದುಕೊಳ್ಳಿ.

ಅನುಪಾತ ಬರುವ ಬಗೆ ಇದು. ಕೆಂಪು, ಹಸಿರು, ನೀಲಿ ಮೂರರ ಮೌಲ್ಯವನ್ನೂ 255ರಿಂದ ಭಾಗಿಸಿ `c` ಎಂದು ಇಟ್ಟುಕೊಂಡರೆ:

```
c > 0.04045 ಆದರೆ  c' = ((c + 0.055) / 1.055) ^ 2.4
ಇಲ್ಲವಾದರೆ        c' = c / 12.92
L = 0.2126 R' + 0.7152 G' + 0.0722 B'
ಅನುಪಾತ = (L1 + 0.05) / (L2 + 0.05)   (L1 ಹೆಚ್ಚು ಬೆಳಕಿನದು)
```

ಸಾಮಾನ್ಯವಾಗಿ ಬಳಸುವ ಕಾಂಟ್ರಾಸ್ಟ್ ಪರೀಕ್ಷಕಗಳು ಇದನ್ನೇ ಮಾಡುತ್ತವೆ, ಕೈಯಿಂದ ಲೆಕ್ಕ ಹಾಕುವ ಅಗತ್ಯವಿಲ್ಲ. ಆದರೆ ಹಸಿರಿಗೆ 0.7152 ತೂಕವಿದೆ ಎನ್ನುವುದನ್ನು ಮನಸ್ಸಿನಲ್ಲಿಡಿ, ನಿಮ್ಮ ಪರದೆಯ ತುಂಬ ಹಸಿರೇ ಇದೆ. ಅಂತರಜಾಲ ಸುಗಮ್ಯತೆಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯ ಎಎ ಮಟ್ಟ ಸಾಮಾನ್ಯ ಅಕ್ಷರಕ್ಕೆ 4.5, ದೊಡ್ಡ ಅಕ್ಷರಕ್ಕೆ 3, ಗುಂಡಿ ಅಥವಾ ಚಿಹ್ನೆಯನ್ನು ಗುರುತಿಸಲು ಬೇಕಾದ ಆಕಾರಕ್ಕೆ 3 ಅನುಪಾತ ಕೇಳುತ್ತದೆ. ದೊಡ್ಡ ಅಕ್ಷರಕ್ಕೆ ಕೊಟ್ಟ ರಿಯಾಯಿತಿಯನ್ನು ಕನ್ನಡಕ್ಕೆ ಬಳಸುವಾಗ ನಾನು ಕೈ ಬಿಗಿ ಹಿಡಿಯುತ್ತೇನೆ. ಅದೇ ಗಾತ್ರದಲ್ಲಿ ಕನ್ನಡದ ಒತ್ತು, ದೀರ್ಘ, ಕೊಂಬುಗಳು ಮುಖ್ಯ ಅಕ್ಷರಕ್ಕಿಂತ ಬಹಳ ಸಣ್ಣವಾಗಿ ಕೂರುತ್ತವೆ. ಅವುಗಳಿಗೆ 4.5 ಇಲ್ಲದಿದ್ದರೆ ಮೊದಲು ಮಾಯವಾಗುವುದು ಅವೇ.

ಜಾಗದ ಅಳತೆಗೂ ಒಂದು ಮಾತು. ಚಿತ್ರ 1080 ಪಿಕ್ಸೆಲ್ ಅಗಲವಿದೆ ಎಂದ ಮಾತ್ರಕ್ಕೆ ಮೂರರಿಂದ ಭಾಗಿಸಬೇಡಿ. ಆಂಡ್ರಾಯ್ಡ್ ಪರದೆಯ ಜಾಗ ಅಳೆಯುವ ಮಾನ ಡಿಪಿ. ಕೆಲವು ಫೋನ್‌ಗಳಲ್ಲಿ ಆ ಅಗಲ 360 ಡಿಪಿ, ಇನ್ನು ಕೆಲವುಗಳಲ್ಲಿ 411 ಡಿಪಿ. ಚಿತ್ರ ತೆಗೆದ ಆಂಡ್ರಾಯ್ಡ್ ಫೋನ್‌ನ ಡೆವಲಪರ್ ಆಯ್ಕೆಗಳಲ್ಲಿ `Smallest width` ಎಂಬಲ್ಲಿ ನಿಜವಾದ ಸಂಖ್ಯೆ ಸಿಗುತ್ತದೆ. ನಿಮ್ಮದು 360 ಎಂದು ಟಿಪ್ಪಣಿಯಲ್ಲಿ ಬರೆದಿದ್ದೀರಿ, ಹಾಗಾಗಿ ಇಲ್ಲಿ ಮೂರು ಪಿಕ್ಸೆಲ್‌ಗೆ ಒಂದು ಡಿಪಿ.

ಈಗ ನಿಮ್ಮ ಪಟ್ಟಿಗೆ ಬರೋಣ. ಮೊದಲ ಸ್ಥಾನದಲ್ಲಿ ನೀವಿಟ್ಟಿರುವುದು ಬಿಳಿ ಕಾರ್ಡ್‌ನ ಸುತ್ತಲಿನ ತೆಳು ಗೆರೆ, `#E0E0E0`. ಬಿಳಿಯ ಎದುರು ಅದರ ಅನುಪಾತ 1.32, ಇಡೀ ಪರದೆಯಲ್ಲೇ ಅತಿ ಕಡಿಮೆ. ಆದರೆ ಆ ಗೆರೆ ಇಲ್ಲದಿದ್ದರೂ ಯಾರ ಕೆಲಸವೂ ನಿಲ್ಲುವುದಿಲ್ಲ. ಕಾರ್ಡ್ ಒತ್ತುವ ವಸ್ತುವಲ್ಲ, ಒಳಗಿನ ಅಕ್ಷರಗಳೇ ಗುಂಪಾಗಿ ಕೂತು ತಮ್ಮ ಗಡಿಯನ್ನು ತೋರಿಸುತ್ತವೆ. ಮಾರ್ಗಸೂಚಿಯೂ ಅಲಂಕಾರದ ಗೆರೆಗೆ 3 ಕೇಳುವುದಿಲ್ಲ. ಇದನ್ನು ಪಟ್ಟಿಯಿಂದಲೇ ತೆಗೆಯಿರಿ. ಅದೇ ಗೆರೆ ಹುಡುಕುವ ಪೆಟ್ಟಿಗೆಯ ಸುತ್ತ ಇದ್ದು, ‘ಇಲ್ಲಿ ಬರೆಯಬಹುದು’ ಎಂದು ತಿಳಿಸಲು ಬೇರೇನೂ ಇಲ್ಲದಿದ್ದರೆ ಮಾತ್ರ ಅದು ದೋಷ.

ಇನ್ನೊಂದು ಮೇಲಿನ ಹಸಿರು ಪಟ್ಟಿ. `#4CAF50` ಮೇಲೆ ಬಿಳಿ ಅಕ್ಷರದಲ್ಲಿ ಸಂಘದ ಹೆಸರು, ಅನುಪಾತ 2.78. ಮಾನದಂಡದ ಪ್ರಕಾರ ನಪಾಸು. ಆದರೆ ಸದಸ್ಯರಿಗೆ ತಮ್ಮ ಸಂಘ ಯಾವುದೆಂದು ಗೊತ್ತಿದೆ, ಅದನ್ನು ಓದಲು ಅವರು ಆ್ಯಪ್ ತೆರೆಯುವುದಿಲ್ಲ. ಅದೇ ಹಸಿರಿನ ಮೇಲೆ ಅದೇ ಬಿಳಿ ಅಕ್ಷರದಲ್ಲಿ ಕೆಳಗಡೆ ‘ತಕರಾರು ಸಲ್ಲಿಸಿ’ ಎಂಬ ಗುಂಡಿಯಿದೆ. ನಿಮ್ಮ ಪಟ್ಟಿಯಲ್ಲಿ ಇವೆರಡೂ ಪಕ್ಕಪಕ್ಕ ಇವೆ, ಅನುಪಾತ ಒಂದೇ ಎಂಬ ಕಾರಣಕ್ಕೆ. ನನ್ನ ಲೆಕ್ಕದಲ್ಲಿ ಎರಡಕ್ಕೂ ಅಜಗಜಾಂತರ. ಫ್ಯಾಟ್ ತಪ್ಪಾಗಿ ದಾಖಲಾದವರಿಗೆ ಇರುವ ಒಂದೇ ದಾರಿ ಆ ಗುಂಡಿ. ಬೆಳಗಿನ ಬಿಸಿಲಿನಲ್ಲಿ ಕ್ಯಾನ್ ಹಿಡಿದು ನಿಂತವರಿಗೆ ಅದು ಓದಲಾಗದ ಹಸಿರು ಪಟ್ಟಿಯಾಗಿ ಕಂಡರೆ ತಕರಾರು ಬರುವುದೇ ಇಲ್ಲ. ಬಿಸಿಲು ಪರದೆಯ ಗಾಜಿನ ಮೇಲೆ ಬಿದ್ದು ಮರಳಿ ಕಣ್ಣಿಗೆ ಬರುವಾಗ ಗಾಢ ಬಣ್ಣ, ತಿಳಿ ಬಣ್ಣ ಎರಡಕ್ಕೂ ಅಷ್ಟೇ ಬೆಳಕನ್ನು ಸೇರಿಸುತ್ತದೆ. ಅದರಿಂದ ಇರುವ ಅಂತರ ಇನ್ನಷ್ಟು ಕುಗ್ಗುತ್ತದೆ. ಒಳಗೆ ಕುಳಿತು ಅಳೆದ 2.78 ಹೊರಗೆ 2.78 ಆಗಿ ಉಳಿಯುವುದಿಲ್ಲ.

ಬಿಸಿಲಿನ ಮಾತು ಬಂದದ್ದರಿಂದ ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ಇವುಗಳ ಅಂಕಿಗಳನ್ನು ನೋಡೋಣ. ಅವು 11 ಎಸ್‌ಪಿ ಗಾತ್ರದಲ್ಲಿ, `#9E9E9E` ಬೂದು ಬಣ್ಣದಲ್ಲಿ, `#F5F5F5` ಹಿನ್ನೆಲೆಯ ಮೇಲಿವೆ. ಬೂದಿನ ಬೆಳಕು, ಅಂದರೆ ಮೇಲಿನ ಸೂತ್ರದ L, 0.342, ಹಿನ್ನೆಲೆಯದು 0.913. 0.963 ಅನ್ನು 0.392ರಿಂದ ಭಾಗಿಸಿದರೆ 2.46. ಲೀಟರ್ ಅಂಕಿಯನ್ನು ನೀವು ದಪ್ಪ ಕಪ್ಪಿನಲ್ಲಿ ಕೊಟ್ಟು ಫ್ಯಾಟ್ ಅನ್ನು ಅಡಿಟಿಪ್ಪಣಿಯಂತೆ ಮಂಕು ಮಾಡಿದ್ದೀರಿ. ಹಾಲು ಹಾಕುವವರಿಗೆ ಎಷ್ಟು ಲೀಟರ್ ತಂದೆವು ಎನ್ನುವುದು ಮನೆಯಲ್ಲೇ ಹೆಚ್ಚುಕಡಿಮೆ ಗೊತ್ತಿರುತ್ತದೆ. ಗೊತ್ತಿಲ್ಲದೆ ಇರುವುದು, ಅಂದಿನ ದರವನ್ನು ನಿರ್ಧರಿಸುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್. ಇಲ್ಲಿ ಬಣ್ಣದ ದೋಷದ ಕೆಳಗೆ ಆದ್ಯತೆಯ ದೋಷವೂ ಅಡಗಿದೆ. ಬಣ್ಣವನ್ನು ಮಾತ್ರ ಗಾಢ ಮಾಡಿ ಗಾತ್ರವನ್ನು 11ರಲ್ಲೇ ಬಿಟ್ಟರೆ ಅರ್ಧ ಕೆಲಸವಷ್ಟೇ ಆಗುತ್ತದೆ.

ಇಲ್ಲಿ ಬಹಳ ಜನ ಬೀಳುವ ಹಳ್ಳವೊಂದಿದೆ. `#757575` ಎಂಬ ಬೂದು ಬಿಳಿಯ ಮೇಲೆ 4.61 ಕೊಡುತ್ತದೆ, ಪಾಸು. ಹಾಗಾಗಿ ‘ಸುರಕ್ಷಿತ ಬೂದು’ ಎಂದು ಅದನ್ನೇ ಎಲ್ಲ ಕಡೆ ಹಾಕುತ್ತಾರೆ. ನಿಮ್ಮ `#F5F5F5` ಹಿನ್ನೆಲೆಯ ಮೇಲೆ ಅದು 4.23ಕ್ಕೆ ಇಳಿದು ನಪಾಸಾಗುತ್ತದೆ. ಬಣ್ಣವೊಂದೇ ಪಾಸಾಗುವುದು ಎಂಬುದಿಲ್ಲ, ಜೋಡಿ ಪಾಸಾಗಬೇಕು. `#616161` ಹಾಕಿ, 5.68 ಬರುತ್ತದೆ. ಗಾತ್ರವನ್ನು 16 ಎಸ್‌ಪಿಗೆ ಏರಿಸಿ, ಲೀಟರ್‌ನ ಪಕ್ಕದಲ್ಲೇ ಸಮಾನವಾಗಿ ಕೂರಿಸಿ.

ಇನ್ನೊಂದು ದೋಷ ನಿಮ್ಮ ಪಟ್ಟಿಯಲ್ಲಿ ಹದಿನೆಂಟನೆಯದು, ‘ಚುಕ್ಕಿಗಳು ಸಣ್ಣವಾಗಿವೆ’ ಎಂದಷ್ಟೇ ಬರೆದಿದ್ದೀರಿ. ಪ್ರತಿ ದಿನದ ಸಾಲಿನ ಕೊನೆಯಲ್ಲಿ ಹಸಿರು ಚುಕ್ಕಿ ಇದ್ದರೆ ಹಣ ಬಂದಿದೆ, ಕೆಂಪು ಇದ್ದರೆ ಬಾಕಿ. ಹಸಿರು `#2E7D32`, ಬಿಳಿಯ ಎದುರು 5.13. ಕೆಂಪು `#D32F2F`, ಬಿಳಿಯ ಎದುರು 4.98. ಎರಡೂ ಚೆನ್ನಾಗಿ ಪಾಸಾದವು, ಅದಕ್ಕೇ ನೀವು ಮುಂದೆ ಸಾಗಿದಿರಿ. ಈಗ ಆ ಎರಡನ್ನು ಒಂದರ ಎದುರು ಒಂದು ಇಟ್ಟು ಅಳೆಯಿರಿ: 1.03. ಬೆಳಕಿನ ಲೆಕ್ಕದಲ್ಲಿ ಅವು ಬಹುಪಾಲು ಒಂದೇ ಬಣ್ಣ. ಸ್ಕ್ರೀನ್‌ಶಾಟ್ ಅನ್ನು ಕಪ್ಪುಬಿಳುಪು ಮಾಡಿ ನೋಡಿ, ಹದಿನೈದು ಸಾಲಿನಲ್ಲೂ ಒಂದೇ ಬೂದು ಚುಕ್ಕಿ ಕಾಣುತ್ತದೆ. ಬಣ್ಣಗುರುಡಿನಲ್ಲಿ ಅತಿ ಸಾಮಾನ್ಯವಾದದ್ದು ಕೆಂಪು-ಹಸಿರು ಬೇರ್ಪಡಿಸಲಾಗದ ಬಗೆ, ಅದು ಗಂಡಸರಲ್ಲೇ ಹೆಚ್ಚು. ಅಂಥ ಸದಸ್ಯರಿಗೆ ಹಣ ಬಂದಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಈ ಪರದೆಯಲ್ಲಿ ಉತ್ತರವೇ ಇಲ್ಲ. ಚುಕ್ಕಿ ದೊಡ್ಡದು ಮಾಡಿದರೆ ಏನೂ ಪ್ರಯೋಜನವಿಲ್ಲ. ‘ಬಂದಿದೆ’, ‘ಬಾಕಿ’ ಎಂದು ಎರಡು ಪದ ಬರೆಯಿರಿ. ಬಣ್ಣ ಜೊತೆಗಿರಲಿ, ಅರ್ಥ ಹೊರುವ ಕೆಲಸ ಪದದ್ದಾಗಲಿ. ಚುಕ್ಕಿಯ ಜಾಗ 8 ಡಿಪಿ ಮಾತ್ರ, ಪದ ಹಿಡಿಸಲು ದಿನಾಂಕದ ಸಾಲಿನಿಂದ ಇಸವಿಯನ್ನು ತೆಗೆಯಿರಿ. ಹದಿನೈದು ದಿನದ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಇಸವಿ ಬೇಕಿಲ್ಲ.

ಒತ್ತಕ್ಷರದ ವಿಷಯವನ್ನು ನಿಮ್ಮಲ್ಲಿ ಯಾರೂ ಗಮನಿಸದೆ ಇದ್ದದ್ದು ನನಗೆ ಬೇಸರ ತಂದಿತು, ಏಕೆಂದರೆ ಇದು ನಮ್ಮ ಲಿಪಿಯದೇ ಸಮಸ್ಯೆ. ಕೆಳಗಿನ ಪಟ್ಟಿಯಲ್ಲಿ ‘ಒಟ್ಟು ಮೊತ್ತ’ ಎಂಬುದು ‘ಒಟು ಮೊತ’ ಎಂಬಂತೆ ಕಾಣುತ್ತಿದೆ, ಒತ್ತುಗಳ ತುದಿ ಮಾತ್ರ ಇಣುಕುತ್ತಿದೆ. ಸಾಲಿನ ಎತ್ತರವನ್ನು 20 ಡಿಪಿ ಎಂದು ಕಟ್ಟಿಹಾಕಿದ್ದೀರಿ. ಇಂಗ್ಲಿಷ್‌ನ 16 ಎಸ್‌ಪಿ ಅಕ್ಷರಕ್ಕೆ ಅದು ಸಾಕಾದೀತು, ಕನ್ನಡಕ್ಕೆ ಸಾಲದು. ನಮ್ಮಲ್ಲಿ ಗುಣಿತದ ಚಿಹ್ನೆ ಮೇಲಕ್ಕೆ ಏರುತ್ತದೆ, ಒತ್ತು ಕೆಳಕ್ಕೆ ಇಳಿಯುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಸಾಲಿನ ಎತ್ತರ ಇಟ್ಟುಕೊಳ್ಳಿ, ಪೆಟ್ಟಿಗೆಯ ಎತ್ತರವನ್ನು ಒಳಗಿನ ಅಕ್ಷರವೇ ನಿರ್ಧರಿಸಲಿ:

```xml
android:layout_height="wrap_content"
android:minHeight="48dp"
```

ಇದರ ಗಂಭೀರತೆ ಪದಕ್ಕೆ ತಕ್ಕಂತೆ ಬದಲಾಗುತ್ತದೆ. ‘ಒಟು’ ಎಂದು ಕಂಡರೂ ಪಕ್ಕದಲ್ಲಿ ರೂಪಾಯಿ ಚಿಹ್ನೆ ಇರುವುದರಿಂದ ಜನ ಊಹಿಸಿಕೊಳ್ಳುತ್ತಾರೆ. ಆದರೆ ಊರಿನ ಹೆಸರಿನ ಕಡೆಯ ‘ಹಳ್ಳಿ’ ಒತ್ತು ಕಳೆದುಕೊಂಡು ‘ಹಳಿ’ ಆದರೆ ಅದು ಬೇರೆಯೇ ಪದ. ಮೇಲಿನ ಪಟ್ಟಿಯಲ್ಲಿ ಹಾಗಾಗಿದೆಯೇ ಎಂದು ಬೇರೆ ಬೇರೆ ಊರಿನ ಹೆಸರು ಹಾಕಿ ನೋಡಿ.

ಹಿಂದಿನ, ಮುಂದಿನ ಹದಿನೈದು ದಿನಕ್ಕೆ ಹೋಗುವ ಎರಡು ಬಾಣಗಳು ಒಂದಕ್ಕೊಂದು ಅಂಟಿಕೊಂಡಿವೆ, ನಡುವಿನಿಂದ ನಡುವಿಗೆ 72 ಪಿಕ್ಸೆಲ್, ಅಂದರೆ 24 ಡಿಪಿ. ಆಂಡ್ರಾಯ್ಡ್ ಒತ್ತುವ ಜಾಗಕ್ಕೆ 48 ಡಿಪಿ ಶಿಫಾರಸು ಮಾಡುತ್ತದೆ. ಬಾಣದ ಚಿತ್ರ ಸಣ್ಣದಿದ್ದರೂ ಒತ್ತುವ ಜಾಗ ಅದರ ಸುತ್ತ ದೊಡ್ಡದಿರಬಹುದು, ಸ್ಕ್ರೀನ್‌ಶಾಟ್ ಅದನ್ನು ತೋರಿಸುವುದಿಲ್ಲ. ಡೆವಲಪರ್ ಆಯ್ಕೆಗಳಲ್ಲಿ `Show layout bounds` ಚಾಲೂ ಮಾಡಿ ಇನ್ನೊಂದು ಚಿತ್ರ ತೆಗೆಯಿರಿ, ಪೆಟ್ಟಿಗೆಗಳ ಗಡಿ ಕಾಣುತ್ತದೆ. ಆದರೆ ಎರಡು ಬಾಣಗಳ ನಡುಬಿಂದುಗಳೇ 24 ಡಿಪಿ ಅಂತರದಲ್ಲಿರುವಾಗ ಎರಡಕ್ಕೂ 48 ಸಿಗಲು ಸಾಧ್ಯವೇ ಇಲ್ಲ, ಒಂದರ ಜಾಗದ ಮೇಲೆ ಇನ್ನೊಂದು ಹತ್ತುತ್ತದೆ. ಒಂದನ್ನು ಎಡ ಅಂಚಿಗೆ, ಇನ್ನೊಂದನ್ನು ಬಲ ಅಂಚಿಗೆ ಸರಿಸಿ. ತಪ್ಪಿ ಒತ್ತಿದರೂ ಹಿಂದಕ್ಕೆ ಬರಬಹುದಾದ್ದರಿಂದ ಇದು ಮಧ್ಯಮ ದೋಷ. ಅಲ್ಲಿ ಬಾಣದ ಬದಲು ‘ಅಳಿಸಿ’ ಎಂಬ ಗುಂಡಿ ಇದ್ದಿದ್ದರೆ ಅದನ್ನು ನಾನು ಎರಡು ಮೆಟ್ಟಿಲು ಮೇಲಕ್ಕೆ ಏರಿಸುತ್ತಿದ್ದೆ.

ಮೆಟ್ಟಿಲುಗಳಿಗೆ ನಾನು ಬಳಸುವುದು ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡುವ ತಜ್ಞ ಜೇಕಬ್ ನೀಲ್ಸನ್ ಅವರ 0ರಿಂದ 4ರ ಶ್ರೇಣಿ. 0 ಎಂದರೆ ದೋಷವೇ ಅಲ್ಲ, 1 ತೋರಿಕೆಯದು, 2 ಸಣ್ಣದು, 3 ದೊಡ್ಡದು, 4 ಬಿಡುಗಡೆಗೆ ಮುನ್ನ ಸರಿಪಡಿಸಲೇಬೇಕಾದದ್ದು. ಎಷ್ಟು ಸಲ ಎದುರಾಗುತ್ತದೆ, ಎದುರಾದಾಗ ಎಷ್ಟು ಹಾನಿ, ಒಮ್ಮೆ ಅರಿತ ಮೇಲೆ ತಪ್ಪಿಸಿಕೊಳ್ಳಬಹುದೇ ಅಥವಾ ಪ್ರತಿ ಸಲವೂ ಕಾಡುತ್ತದೆಯೇ ಎಂಬ ಮೂರನ್ನು ಅವರು ನೋಡಲು ಹೇಳುತ್ತಾರೆ. ನಾನು ಇವನ್ನು ಗುಣಿಸಿ ಅಂಕ ತೆಗೆಯುವುದಿಲ್ಲ. ಹಾಗೆ ಮಾಡಿದರೆ ದಿನವೂ ಕಾಣುವ ಮಂಕು ಶೀರ್ಷಿಕೆ, ಹದಿನೈದು ದಿನಕ್ಕೊಮ್ಮೆ ಕಾಣುವ ತಪ್ಪು ಮೊತ್ತಕ್ಕಿಂತ ಮೇಲೆ ಬಂದುಬಿಡುತ್ತದೆ. ಹಾನಿ ಮೊದಲು, ಉಳಿದೆರಡು ಸಮಾನರನ್ನು ಬೇರ್ಪಡಿಸಲು.

ಹಾಗೆ ನೋಡಿದಾಗ ಕತ್ತರಿಸಿದ ಮೊತ್ತ 4. ಅದನ್ನು ನೋಡಿದವರಿಗೆ ತಾವು ತಪ್ಪು ನೋಡುತ್ತಿದ್ದೇವೆ ಎಂದು ತಿಳಿಯುವ ದಾರಿಯೇ ಇಲ್ಲ. ಬಣ್ಣದ ಚುಕ್ಕಿ, ಮಂಕು ಫ್ಯಾಟ್, ತಕರಾರಿನ ಗುಂಡಿ ಮೂರೂ 3. ಒತ್ತು ಕತ್ತರಿಸಿರುವುದು, ಬಾಣಗಳ ಇಕ್ಕಟ್ಟು 2. ಸಂಘದ ಹೆಸರು 1, ಕಾರ್ಡ್ ಗೆರೆ 0. ನಿಮ್ಮ ಪಟ್ಟಿಯ ಉಳಿದವುಗಳಲ್ಲಿ ಹೆಚ್ಚಿನವು ಎರಡು ಡಿಪಿ ಆಚೀಚೆ ಸರಿದ ಅಂಚುಗಳು. ಅವನ್ನೆಲ್ಲ ‘ಅಂಚುಗಳ ಹೊಂದಾಣಿಕೆ’ ಎಂದು ಒಂದೇ ಸಾಲಾಗಿ ಬರೆದು 1 ಕೊಡಿ. ನೀವು ಮೂವರಿದ್ದೀರಿ, ಅದು ಅನುಕೂಲವೇ. ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಂತೆ ಮೂವರೂ ಬೇರೆಬೇರೆಯಾಗಿ ಅಂಕ ಕೊಟ್ಟು ಸರಾಸರಿ ತೆಗೆಯಿರಿ. ಎಲ್ಲಿ ಒಬ್ಬರು 1, ಇನ್ನೊಬ್ಬರು 4 ಕೊಟ್ಟಿರುತ್ತೀರೋ ಅಲ್ಲಿ ಸರಾಸರಿಯನ್ನು ಬಿಟ್ಟು ಕಾರಣವನ್ನು ಮಾತನಾಡಿ.

ಗಂಭೀರತೆಯ ಕ್ರಮವೇ ಕೆಲಸದ ಕ್ರಮ ಆಗಬೇಕಿಲ್ಲ. ನಿಮ್ಮ ಹಸಿರು ಒಂದೇ ಕಡೆ ಘೋಷಿತವಾಗಿದ್ದರೆ ಅದನ್ನು `#2E7D32` ಮಾಡಿ. ಬಿಳಿ ಅಕ್ಷರಕ್ಕೆ 5.13 ಸಿಕ್ಕಿ ಗುಂಡಿಯೂ ಸರಿಯಾಗುತ್ತದೆ, 1 ಅಂಕದ ಶೀರ್ಷಿಕೆಯೂ ಬಿಟ್ಟಿಯಾಗಿ ಸರಿಯಾಗುತ್ತದೆ. ಐದು ನಿಮಿಷದ ಕೆಲಸ. ಮೊತ್ತದ ಪೆಟ್ಟಿಗೆ ಸರಿಪಡಿಸುವಾಗ ಅದೇ ಸಾಲಿನ ಎತ್ತರವೂ ಸಡಿಲವಾಗುವುದರಿಂದ ‘ಒಟ್ಟು ಮೊತ್ತ’ದ ಒತ್ತುಗಳು ತಾವಾಗಿ ಮರಳುತ್ತವೆ. ಹೀಗೆ ನಾಲ್ಕು ತಿದ್ದುಪಡಿಯಲ್ಲಿ ಆರು ದೋಷ ಮುಗಿಯುತ್ತವೆ, ಬಾಣಗಳು ಮುಂದಿನ ಬಿಡುಗಡೆಗೆ ಉಳಿಯಲಿ.

ವರದಿಯಲ್ಲಿ ‘ಕಾಂಟ್ರಾಸ್ಟ್ ಕಡಿಮೆ, ಸರಿಪಡಿಸಿ’ ಎಂದು ಬರೆದರೆ ಕೋಡ್ ಬರೆಯುವವರು ಬಣ್ಣವನ್ನು ಒಂದಿಷ್ಟು ಗಾಢ ಮಾಡಿ ಮುಗಿಸುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ: ‘ದಿನದ ಸಾಲು, ಫ್ಯಾಟ್ ಮತ್ತು ಎಸ್‌ಎನ್‌ಎಫ್. `#9E9E9E`, ಹಿನ್ನೆಲೆ `#F5F5F5`, ಅನುಪಾತ 2.46, ಬೇಕಾದದ್ದು 4.5. ಹೊರಗೆ ನಿಂತು ನೋಡುವ ಸದಸ್ಯರಿಗೆ ಅಂದಿನ ದರದ ಆಧಾರ ಓದಲಾಗುವುದಿಲ್ಲ. `#616161`, 16 ಎಸ್‌ಪಿ ಮಾಡಿ. ಗಂಭೀರತೆ 3.’

ತಿದ್ದಿದ ಮೇಲೆ ಅದೇ ಚಿತ್ರವನ್ನು ಮತ್ತೆ ತೆಗೆದು ಹೋಲಿಸಿದರೆ ಸಾಲದು. ಫೋನ್‌ನ ಅಕ್ಷರ ಗಾತ್ರವನ್ನು ಗರಿಷ್ಠಕ್ಕೆ ಏರಿಸಿ ಒಂದು, ಕಪ್ಪು ಹಿನ್ನೆಲೆಯ ವಿಧಾನದಲ್ಲಿ ಒಂದು, ಕಪ್ಪುಬಿಳುಪಿನಲ್ಲಿ ಒಂದು ಚಿತ್ರ ತೆಗೆಯಿರಿ. ಮೂರರಲ್ಲೂ ಮಾದರಿ ಮೊತ್ತವಾಗಿ ‘₹1,08,475.50’ ಹಾಕಿ, ಊರಿನ ಹೆಸರಿಗೆ ನಿಮ್ಮ ಸದಸ್ಯರ ಪಟ್ಟಿಯಲ್ಲಿರುವ ಅತಿ ಉದ್ದದ ಹೆಸರನ್ನು ಹಾಕಿ. ಆ ಚಿತ್ರಗಳನ್ನು ಕಳಿಸಿಕೊಡಿ, ನೋಡುತ್ತೇನೆ.